ಕಾರ್ಟ್ ಬಿಟ್ಟು ಹೋದವರನ್ನು ಯಾವ ರಿಮೈಂಡರ್ ವಾಪಸ್ ತರುತ್ತದೆ? ಮಲೆನಾಡಿನ ಸಣ್ಣ ಆನ್‌ಲೈನ್ ಅಂಗಡಿಗಳಿಗೊಂದು ಹೋಲಿಕೆ

ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿಬೆಲ್ಲ, ಕಾಳುಮೆಣಸು, ಹಲಸಿನ ಹಪ್ಪಳ, ಹಾಳೆತಟ್ಟೆ ಇಂಥವನ್ನು ಸಾಗರ, ತೀರ್ಥಹಳ್ಳಿ, ಹೊಸನಗರದ ಕಡೆಯಿಂದ ಸ್ವಂತ ವೆಬ್‌ಸೈಟಿನಲ್ಲಿ ಮಾರುವವರಿಗೆ ರಿಮೈಂಡರ್ ಸೇವೆ ಕೊಡುವ ಕಂಪನಿಗಳು ತೋರಿಸುವುದು ಸಾಮಾನ್ಯವಾಗಿ ಒಂದೇ ಅಂಕಿ: ‘ಈ ತಿಂಗಳು ಇಷ್ಟು ಕಾರ್ಟ್ ವಾಪಸ್ ತಂದೆವು.’ ಮೆಸೇಜ್ ಹೋದ ಮೇಲೆ ಆರ್ಡರ್ ಮಾಡಿದವರನ್ನೆಲ್ಲ ಆ ಅಂಕಿಗೆ ಸೇರಿಸಿರುತ್ತಾರೆ. ಮೆಸೇಜ್ ಹೋಗದಿದ್ದರೂ ಸಂಜೆ ಮನೆಗೆ ಬಂದು, ಮನೆಯವರನ್ನು ಕೇಳಿ, ತಾವಾಗಿಯೇ ಹಣ ಕಟ್ಟುತ್ತಿದ್ದವರೂ ಅದರೊಳಗೇ ಇರುತ್ತಾರೆ. ಅವರನ್ನು ಕಳೆಯದೆ ವಾಟ್ಸಾಪ್ ಒಳ್ಳೆಯದೋ ಎಸ್ಸೆಮ್ಮೆಸ್ ಒಳ್ಳೆಯದೋ, ರಿಯಾಯಿತಿ ಕೊಡಬೇಕೋ ಬೇಡವೋ ಎಂದು ಹೇಳಲು ಬರುವುದಿಲ್ಲ.

ಮೊದಲೇ ನಮ್ಮ ತೀರ್ಮಾನ ಹೇಳಿಬಿಡುತ್ತೇವೆ. ಯಾವ ಮಾಧ್ಯಮ ಎನ್ನುವುದಕ್ಕಿಂತ ಗಿರಾಕಿ ಯಾವ ಹಂತದಲ್ಲಿ ನಿಂತ ಎನ್ನುವುದು ಮುಖ್ಯ. ಹಣ ಕಟ್ಟುವಾಗ ನಿಂತವರಿಗೆ ಕಾಲು ಗಂಟೆಯೊಳಗೆ ಹೋಗುವ, ರಿಯಾಯಿತಿಯಿಲ್ಲದ ಒಂದು ಮೆಸೇಜ್ ಕೆಲಸ ಮಾಡುತ್ತದೆ. ಕೊರಿಯರ್ ಚಾರ್ಜ್ ನೋಡಿ ನಿಂತವರಿಗೆ ರಿಮೈಂಡರ್‌ಗಿಂತ ಚಾರ್ಜಿನ ಲೆಕ್ಕ ಸರಿಪಡಿಸುವುದೇ ಮದ್ದು. ಸುಮ್ಮನೆ ಕಾರ್ಟಿಗೆ ಹಾಕಿ ಹೋದವರ ಹಿಂದೆ ಬೀಳುವುದು ಬಹುಪಾಲು ದಂಡ. ಇದು ನಿಮ್ಮ ಅಂಗಡಿಗೂ ಹೊಂದುತ್ತದೆಯೇ ಎಂದು ಪರೀಕ್ಷಿಸುವ ದಾರಿಯೂ ಮುಂದೆ ಇದೆ.

ಕಾರ್ಟಿನಿಂದ ಆರ್ಡರ್‌ವರೆಗೆ ಎಣಿಸುವುದು

ಗೂಗಲ್ ಅನಲಿಟಿಕ್ಸ್ 4 ಹಾಕಿಕೊಂಡಿದ್ದರೆ ಹಂತಗಳಿಗೆ ಹೆಸರು ಆಗಲೇ ಇದೆ: `add_to_cart`, `begin_checkout`, `add_shipping_info`, `add_payment_info`, `purchase`. ಒಂದೊಂದಕ್ಕೂ ಎಷ್ಟು ಜನ ತಲುಪಿದರು ಎಂದು ಒಂದು ತಿಂಗಳ ಲೆಕ್ಕ ತೆಗೆಯಿರಿ. ಕೆಳಗಿರುವುದು ವಿವರಣೆಗಾಗಿ ನಾವೇ ಕಟ್ಟಿದ ಒಂದು ಅಂಗಡಿಯ ಅಂಕಿ. ಸಾಗರದ ಒಂದು ಉಪ್ಪಿನಕಾಯಿ ಅಂಗಡಿ, ಸರಾಸರಿ ಆರ್ಡರ್ 650 ರೂಪಾಯಿ ಎಂದಿಟ್ಟುಕೊಳ್ಳಿ. ಲೇಖನದ ಉದ್ದಕ್ಕೂ ಇದೇ ಅಂಗಡಿಯನ್ನು ಬಳಸುತ್ತೇವೆ.

| ಹಂತ | ತಲುಪಿದವರು | ಇಲ್ಲಿಂದ ಮುಂದೆ ಹೋಗದವರು |
|---|---|---|
| ಕಾರ್ಟಿಗೆ ಹಾಕಿದರು | 1000 | 480 |
| ಚೆಕ್‌ಔಟ್ ತೆರೆದರು | 520 | 130 |
| ವಿಳಾಸ, ಫೋನ್ ನಂಬರ್ ಕೊಟ್ಟರು | 390 | 80 |
| ಹಣ ಕಟ್ಟಲು ಒತ್ತಿದರು | 310 | 70 |
| ಆರ್ಡರ್ ಆಯಿತು | 240 | – |

ಸಾವಿರ ಕಾರ್ಟಿನಲ್ಲಿ 760 ಉಳಿದುಹೋದವು, ಅಂದರೆ 76 ಶೇಕಡ. ಕೇಳಿದರೆ ಗಾಬರಿಯಾಗುವ ಅಂಕಿ, ಆದರೆ ಅಪರೂಪದ್ದೇನಲ್ಲ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಬೇಮಾರ್ಡ್ ಸಂಸ್ಥೆ ಕೊಡುವ ಸರಾಸರಿಯೇ 70 ಶೇಕಡದ ಆಸುಪಾಸಿನಲ್ಲಿದೆ. ಗಮನಿಸಬೇಕಾದ್ದು ಬೇರೆ. ಈ 760 ಜನರಲ್ಲಿ ಫೋನ್ ನಂಬರ್ ಕೊಟ್ಟು ನಿಂತವರು ಕೊನೆಯ ಎರಡು ಗುಂಪು ಮಾತ್ರ, 80 ಮತ್ತು 70, ಒಟ್ಟು 150. ಎಂಥ ಒಳ್ಳೆಯ ರಿಮೈಂಡರ್ ತಂದರೂ ಅದು ಮುಟ್ಟುವುದು ಬಿಟ್ಟು ಹೋದ ಐವರಲ್ಲಿ ಒಬ್ಬರನ್ನು. ಉಳಿದವರು ಯಾರೆಂದೇ ನಿಮಗೆ ಗೊತ್ತಿಲ್ಲ.

ಹಾಗಾಗಿ ಯಾವ ಸೇವೆಗೂ ದುಡ್ಡು ಕೊಡುವ ಮೊದಲು ಮಾಡಬಹುದಾದ ಖರ್ಚಿಲ್ಲದ ಕೆಲಸವೊಂದಿದೆ. ಚೆಕ್‌ಔಟ್ ಪುಟದಲ್ಲಿ ಫೋನ್ ನಂಬರನ್ನು ಎಲ್ಲಕ್ಕಿಂತ ಮೇಲೆ ಕೇಳಿ. ಹೆಸರು, ಮನೆ ನಂಬರು, ಲ್ಯಾಂಡ್‌ಮಾರ್ಕು ಎಲ್ಲ ಆಮೇಲೆ. ನಮ್ಮ ಕಡೆಯ ವಿಳಾಸಗಳು ‘ಗ್ರಾಮ, ಅಂಚೆ, ಹೋಬಳಿ, ತಾಲ್ಲೂಕು’ ಎಂದು ಉದ್ದವಾಗಿರುತ್ತವೆ. ಅದನ್ನು ಟೈಪ್ ಮಾಡುವಷ್ಟರಲ್ಲಿ ಬೇಸತ್ತು ಹೋದವರು 130ರಲ್ಲಿ ಸಾಕಷ್ಟು ಜನ ಇರುತ್ತಾರೆ. ನಂಬರಿನ ಪಕ್ಕದಲ್ಲೇ ‘ಈ ಆರ್ಡರ್ ಬಗ್ಗೆ ವಾಟ್ಸಾಪ್‌ನಲ್ಲಿ ತಿಳಿಸಿ’ ಎಂಬ ಒಪ್ಪಿಗೆಯ ಚೌಕವನ್ನೂ ಇಡಿ. ಅದನ್ನು ಮೊದಲೇ ಟಿಕ್ ಮಾಡಿಡಬೇಡಿ, ಗಿರಾಕಿಯೇ ಟಿಕ್ ಮಾಡಲಿ.

ನೀವು ಬಳಸುವ ವೇದಿಕೆ ಯಾವುದನ್ನು ‘ಬಿಟ್ಟ ಕಾರ್ಟ್’ ಎಂದು ಕರೆಯುತ್ತದೆ ಎನ್ನುವುದನ್ನೂ ತಿಳಿದಿರಬೇಕು. ಶಾಪಿಫೈನ `Abandoned checkouts` ಪಟ್ಟಿಯಲ್ಲಿ ಬರುವುದು ಸಂಪರ್ಕ ವಿವರ ಕೊಟ್ಟು ನಿಂತವರು ಮಾತ್ರ. ಅದನ್ನು ನೋಡಿ ‘ನಮ್ಮಲ್ಲಿ ಬಿಟ್ಟು ಹೋಗುವವರು ಕಡಿಮೆ’ ಎಂದುಕೊಂಡರೆ ಮೇಲಿನ 480 ಜನ ಲೆಕ್ಕಕ್ಕೇ ಸಿಗಲಿಲ್ಲ ಎಂದರ್ಥ. ವೂಕಾಮರ್ಸ್‌ನಲ್ಲಿ ಹಣ ಕಟ್ಟಲು ಒತ್ತಿದ ಕ್ಷಣ ಆರ್ಡರ್ ಹುಟ್ಟುತ್ತದೆ, ಹಣ ಬರುವವರೆಗೆ `Pending payment` ಎಂದಿರುತ್ತದೆ. `Hold stock (minutes)` ಎಂಬ ಸೆಟ್ಟಿಂಗ್ ಸಾಮಾನ್ಯವಾಗಿ 60 ಇರುತ್ತದೆ. ಅಷ್ಟು ಹೊತ್ತಿನಲ್ಲಿ ಹಣ ಬರದಿದ್ದರೆ ಆರ್ಡರ್ ತಾನಾಗಿ `Cancelled` ಆಗುತ್ತದೆ. ತಿಂಗಳ ಕೊನೆಗೆ ಆ ಪಟ್ಟಿ ನೋಡಿ ‘ಇಷ್ಟು ಜನ ಬೇಡವೆಂದರು’ ಎಂದು ತಿಳಿಯುವ ಅಂಗಡಿಗಳಿವೆ. ಅವರಲ್ಲಿ ಹೆಚ್ಚಿನವರು ಬೇಡವೆಂದವರಲ್ಲ, ಪಾವತಿ ಮುಗಿಯದೆ ನಿಂತವರು. ನಮ್ಮ ಲೆಕ್ಕದ ಆ 70 ಜನ ಅವಿತಿರುವುದು ಅಲ್ಲಿಯೇ.

ಹಣ ಕಟ್ಟುವಾಗ ನಿಂತವರು

ಇವರು ವಿಳಾಸ ಕೊಟ್ಟಿದ್ದಾರೆ, ಚಾರ್ಜ್ ನೋಡಿದ್ದಾರೆ, ಒಪ್ಪಿದ್ದಾರೆ. ನಿಂತಿದ್ದಕ್ಕೆ ಕಾರಣ ಹೆಚ್ಚಾಗಿ ಮನಸ್ಸಿನಲ್ಲಿಲ್ಲ, ನೆಟ್‌ವರ್ಕಿನಲ್ಲೋ ಫೋನಿನಲ್ಲೋ ಇರುತ್ತದೆ. ಯುಪಿಐ ಒತ್ತಿದಾಗ ಬ್ರೌಸರ್ ಬಿಟ್ಟು ಪಾವತಿ ಆ್ಯಪ್ ತೆರೆಯುತ್ತದೆ. ಮೆಮೊರಿ ಕಡಿಮೆಯಿರುವ ಫೋನಾದರೆ ಅಷ್ಟರಲ್ಲಿ ಬ್ರೌಸರ್ ಪುಟ ಮುಚ್ಚಿಹೋಗಿರುತ್ತದೆ. ಪಿನ್ ಒತ್ತಿದ ಮೇಲೆ ಸಿಗ್ನಲ್ ಹೋದರೆ ಹಣ ಹೋಯಿತೋ ಇಲ್ಲವೋ ಎಂದು ಗಿರಾಕಿಗೆ ಗೊತ್ತಾಗುವುದಿಲ್ಲ. ಮಳೆಗಾಲದಲ್ಲಿ ಘಟ್ಟದ ಮೇಲಿನ ಊರುಗಳಲ್ಲಿ ಕರೆಂಟ್ ಹೋಗಿ, ಟವರ್ ಸುಮ್ಮನಾಗಿ ಹೀಗಾಗುವುದು ಹೆಚ್ಚು. ನಿಮ್ಮ ಗಿರಾಕಿಗಳು ಬೆಂಗಳೂರಿನವರೇ ಆಗಿದ್ದರೆ ಮಳೆಯ ಕಾರಣ ಅಷ್ಟಾಗಿ ಅನ್ವಯಿಸದು, ಫೋನಿನ ಕಾರಣ ಅವರಿಗೂ ಅನ್ವಯಿಸುತ್ತದೆ.

ಇವರಿಗೆ ಮೆಸೇಜ್ ಹೋಗಬೇಕಾದ್ದು 10ರಿಂದ 15 ನಿಮಿಷದೊಳಗೆ. ಅದಕ್ಕಿಂತ ಮುಂಚೆ ಕಳುಹಿಸಿದರೆ ಅವರು ಎರಡನೇ ಸಲ ಪಿನ್ ಒತ್ತುತ್ತಿರುವಾಗಲೇ ಮೆಸೇಜ್ ಬಂದು ಗೊಂದಲವಾಗುತ್ತದೆ. ನಾಳೆಗೆ ಬಿಟ್ಟರೆ ಅವರು ಪಕ್ಕದ ಅಂಗಡಿಯಲ್ಲೇ ತೆಗೆದುಕೊಂಡಿರಬಹುದು. ವೂಕಾಮರ್ಸ್ ಆದರೆ ಆ 60 ನಿಮಿಷದ ಗಡುವೂ ಇದೆ. ರದ್ದಾದ ಆರ್ಡರಿನ ಲಿಂಕ್ ಒತ್ತಿದರೆ ಹಣ ಕಟ್ಟಲು ಆಗುವುದಿಲ್ಲ. ಸಂಜೆ ಹೋದ ರಿಮೈಂಡರ್‌ಗಳಿಗೆ ಫಲವೇ ಇಲ್ಲ ಎಂದು ಕಂಡರೆ ಮೊದಲು ಲಿಂಕ್ ತೆರೆದು ನೋಡಿ.

ಕಳುಹಿಸುವ ಮುನ್ನ ತಪ್ಪದೇ ಮಾಡಬೇಕಾದ ಒಂದು ತಪಾಸಣೆ ಇದೆ. ಹಣ ನಿಜವಾಗಿ ಬಂದಿಲ್ಲವೇ ಎಂದು ಪಾವತಿ ಗೇಟ್‌ವೇಯನ್ನೇ ಕೇಳಬೇಕು. ಗಿರಾಕಿಯ ಪುಟ ಮುಚ್ಚಿಹೋದರೂ ಹಣ ಗೇಟ್‌ವೇಗೆ ತಲುಪಿರುವುದುಂಟು. ರೇಜರ್‌ಪೇ ಬಳಸುವವರು ಹಣ ಬಂದ, ಬಾರದ ಸುದ್ದಿಯನ್ನು ಸೈಟಿಗೆ ತಾನಾಗಿ ಮುಟ್ಟಿಸುವ `payment.captured` ಮತ್ತು `payment.failed` ವೆಬ್‌ಹುಕ್‌ಗಳನ್ನು ಜೋಡಿಸಿಕೊಂಡಿದ್ದರೆ ಆರ್ಡರ್ ಸ್ಥಿತಿ ತಾನಾಗಿ ಸರಿಹೋಗುತ್ತದೆ. ಜೋಡಿಸದೇ ಇದ್ದರೆ ಹಣ ಕಟ್ಟಿದವರಿಗೇ ‘ನಿಮ್ಮ ಕಾರ್ಟ್ ಕಾಯುತ್ತಿದೆ’ ಎಂಬ ಮೆಸೇಜ್ ಹೋಗುತ್ತದೆ. ಅವರು ಎರಡನೇ ಸಲ ಕಟ್ಟುತ್ತಾರೆ, ಇಲ್ಲವೇ ಸಿಟ್ಟಾಗುತ್ತಾರೆ. ಎರಡೂ ನಷ್ಟವೇ. ಒಂದೇ ನಂಬರಿನಿಂದ ಒಂದೇ ಮೊತ್ತ ಎರಡು ಸಲ ಬಂದು, ಒಂದನ್ನು ವಾಪಸ್ ಮಾಡಬೇಕಾಗಿ ಬರುತ್ತಿದ್ದರೆ ವೆಬ್‌ಹುಕ್ ಕೆಟ್ಟಿದೆ ಎಂದೇ ತಿಳಿಯಿರಿ.

ಮೆಸೇಜಿನ ಮಾತು ಸರಳವಾಗಿರಲಿ: ‘ನಮಸ್ಕಾರ. ನಿಮ್ಮ ಆರ್ಡರ್ 1482ರ ಹಣ ನಮಗೆ ಬಂದಿಲ್ಲ. ನಿಮ್ಮ ಖಾತೆಯಿಂದ ಹಣ ಕಡಿತವಾಗಿದ್ದರೆ ಮತ್ತೆ ಕಟ್ಟಬೇಡಿ, ಇದಕ್ಕೇ ಉತ್ತರಿಸಿ. ಕಡಿತವಾಗದಿದ್ದರೆ ಈ ಲಿಂಕಿನಲ್ಲಿ ಮುಂದುವರಿಸಿ.’ ಎರಡನೇ ವಾಕ್ಯ ಬಹಳ ಮುಖ್ಯ. ಹಣ ಹೋಗಿ ಸಿಕ್ಕಿಹಾಕಿಕೊಂಡಿದೆಯೇನೋ ಎಂಬ ಭಯವೇ ಅವರನ್ನು ತಡೆದಿರುತ್ತದೆ. ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ ಅಂಗಡಿಗೆ ಯುಪಿಐಯಲ್ಲಿ ಕಟ್ಟಿದ ಹಣ ಖಾತೆಯಿಂದ ಕಡಿತವಾಗಿ, ಅಂಗಡಿಗೆ ಖಚಿತವಾಗದಿದ್ದರೆ 5 ದಿನದೊಳಗೆ ವಾಪಸ್ ಆಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಕೇಳಿದವರಿಗೆ ಹೇಳಲು ಇದು ಗೊತ್ತಿರಲಿ.

ಲಿಂಕ್ ಅದೇ ಕಾರ್ಟನ್ನು ಯಾವ ಬ್ರೌಸರಿನಲ್ಲಿ ತೆರೆದರೂ ತೋರಿಸಬೇಕು. ಇನ್‌ಸ್ಟಾಗ್ರಾಮ್ ಒಳಗಿನ ಬ್ರೌಸರಿನಲ್ಲಿ ಕಾರ್ಟ್ ತುಂಬಿದವರು ವಾಟ್ಸಾಪ್ ಲಿಂಕ್ ಒತ್ತಿದಾಗ ಅದು ಕ್ರೋಮ್‌ನಲ್ಲಿ ತೆರೆಯುತ್ತದೆ. ಕಾರ್ಟ್ ನೆನಪಿಡುವ ಕುಕಿ ಅಲ್ಲಿ ಇರುವುದಿಲ್ಲ. ಅಂಗಡಿಯ ಮುಖಪುಟದ ಲಿಂಕ್ ಕೊಟ್ಟರೆ ಖಾಲಿ ಕಾರ್ಟ್ ಕಾಣಿಸುತ್ತದೆ, ಅಲ್ಲಿಗೆ ಮುಗಿಯಿತು.

ಕೊರಿಯರ್ ಚಾರ್ಜ್ ನೋಡಿ ನಿಂತವರು

ವಿಳಾಸ ಕೊಟ್ಟು ನಿಂತ 80 ಜನರ ಈ ಗುಂಪಿಗೆ ರಿಮೈಂಡರ್ ಯೋಚಿಸುವ ಮೊದಲು ಅವರ ಪಿನ್‌ಕೋಡ್ ಮತ್ತು ಕಾರ್ಟಿನ ಮೊತ್ತವನ್ನು ಒಂದು ಹಾಳೆಯಲ್ಲಿ ಇಳಿಸಿ. ಎರಡು ಸಂಗತಿ ಕಣ್ಣಿಗೆ ಬೀಳಬಹುದು. ಒಂದು, 300 ರೂಪಾಯಿಗಿಂತ ಕಡಿಮೆ ಮೊತ್ತದ ಕಾರ್ಟುಗಳು ಗುಂಪುಗುಂಪಾಗಿ ನಿಂತಿರುವುದು. 240 ರೂಪಾಯಿಯ ಬಾಟಲಿಗೆ 90 ರೂಪಾಯಿ ಕೊರಿಯರ್ ಎಂದರೆ ಯಾರೂ ಒಪ್ಪುವುದಿಲ್ಲ. ಗಾಜಿನ ಬಾಟಲಿ, ಎಣ್ಣೆ ಸೋರದಂತೆ ಪ್ಯಾಕಿಂಗು ಸೇರಿ ಒಂದು ಕೆಜಿ ದಾಟಿದರೆ ಕೊರಿಯರ್‌ನವರು ಮುಂದಿನ ಸ್ಲ್ಯಾಬಿನ ದರ ಹಾಕುತ್ತಾರೆ. ಇದಕ್ಕೆ ಮೆಸೇಜ್ ಏನು ಮಾಡೀತು? ಎರಡು ಬಾಟಲಿಯ ಕಟ್ಟು ಮಾಡಿ, ಚಾರ್ಜನ್ನು ಉತ್ಪನ್ನದ ಪುಟದಲ್ಲೇ ತೋರಿಸಿದರೆ ಈ ಗುಂಪೇ ಸಣ್ಣದಾಗುತ್ತದೆ.

ಎರಡು, ‘ಈ ಪಿನ್‌ಕೋಡಿಗೆ ಡೆಲಿವರಿ ಇಲ್ಲ’ ಎಂದು ಸೈಟೇ ತಳ್ಳಿದವರು. ಆಗುಂಬೆಯ 577411, ಹೊಸನಗರದ 577418 ಇಂಥ ಪಿನ್‌ಕೋಡ್‌ಗಳು ಖಾಸಗಿ ಕೊರಿಯರ್ ಪಟ್ಟಿಯಲ್ಲಿ ಇಲ್ಲದಿದ್ದರೆ ಅಲ್ಲಿಗೆ ಸ್ಪೀಡ್ ಪೋಸ್ಟ್ ಆಯ್ಕೆ ಇಡಿ. ತಲುಪಿಸಲು ಆಗದ ಊರಿನವರಿಗೆ ರಿಮೈಂಡರ್ ಕಳುಹಿಸುವುದು ಅವಮಾನ ಮಾಡಿದ ಹಾಗೆ. ಅವರನ್ನು ಪಟ್ಟಿಯಿಂದಲೇ ತೆಗೆಯಿರಿ.

ಉಳಿದವರಿಗೆ ಒಂದು ಮೆಸೇಜ್, ಮರುದಿನ, ಅವರು ಕಾರ್ಟ್ ತುಂಬಿದ ಹೊತ್ತಿಗೇ. ರಾತ್ರಿ ಒಂಬತ್ತಕ್ಕೆ ಮೊಬೈಲ್ ಹಿಡಿದು ಕೂರುವವರು ಬೆಳಿಗ್ಗೆ ಹನ್ನೊಂದಕ್ಕೆ ಕೂರುವವರಲ್ಲ. ಎಸ್ಸೆಮ್ಮೆಸ್ ಆದರೆ ಪ್ರಚಾರದ ಸಂದೇಶಕ್ಕೆ ಬೆಳಿಗ್ಗೆ 10ರಿಂದ ರಾತ್ರಿ 9ರ ಮಿತಿ ಇದೆ, ಆದ್ದರಿಂದ ಎಂಟರ ಒಳಗೆ ಇಟ್ಟುಕೊಳ್ಳಿ.

ಮಾಧ್ಯಮಗಳ ಹೋಲಿಕೆ

ವಾಟ್ಸಾಪ್ ಬಿಸಿನೆಸ್‌ನ ಎಪಿಐ ಮೂಲಕ ಕಳುಹಿಸುವ, ಮೊದಲೇ ಮೆಟಾದ ಒಪ್ಪಿಗೆ ಪಡೆದ ಒಕ್ಕಣೆಗಳಾದ ಟೆಂಪ್ಲೇಟುಗಳಲ್ಲಿ ಮಾರ್ಕೆಟಿಂಗ್, ಯುಟಿಲಿಟಿ, ಅಥೆಂಟಿಕೇಶನ್ ಎಂಬ ವರ್ಗಗಳಿವೆ. ಬಿಟ್ಟ ಕಾರ್ಟಿನ ರಿಮೈಂಡರ್ ರಿಯಾಯಿತಿ ಇಲ್ಲದಿದ್ದರೂ ಮಾರ್ಕೆಟಿಂಗ್ ಎನಿಸಿಕೊಳ್ಳುತ್ತದೆ. ಅದರ ದರ ಯುಟಿಲಿಟಿಗಿಂತ ಎಷ್ಟೋ ಹೆಚ್ಚು. ಆದರೆ ಆರ್ಡರ್ ನಂಬರ್ ಹುಟ್ಟಿದ ಮೇಲೆ ‘ಹಣ ಬಂದಿಲ್ಲ’ ಎಂದು ತಿಳಿಸುವ, ಮಾರುವ ಮಾತಿಲ್ಲದ ಸೂಚನೆಯನ್ನು ಯುಟಿಲಿಟಿ ಎಂದು ಸಲ್ಲಿಸಬಹುದು. ಮೇಲೆ ಕೊಟ್ಟ ಒಕ್ಕಣೆ ಆ ಲೆಕ್ಕದಲ್ಲೇ ಬರೆದದ್ದು. ಅದರ ಕೊನೆಗೆ ‘ಬೇಗ ಕೊಳ್ಳಿ, ಸ್ಟಾಕ್ ಮುಗಿಯುತ್ತಿದೆ’ ಎಂದು ಸೇರಿಸಿದರೆ ಮೆಟಾ ಅದನ್ನು ಮಾರ್ಕೆಟಿಂಗ್‌ಗೆ ಹಾಕುತ್ತದೆ. ಅಷ್ಟೇ ಅಲ್ಲ, ಇಲ್ಲದ ಅವಸರ ಹುಟ್ಟಿಸುವುದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರದ 2023ರ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿಯಲ್ಲಿ ಹೆಸರಿಸಿದ ತಪ್ಪುಗಳಲ್ಲಿ ಒಂದು.

ವಾಟ್ಸಾಪ್‌ನ ದೊಡ್ಡ ಲಾಭ ಗಿರಾಕಿ ಉತ್ತರ ಬರೆಯಬಲ್ಲ ಎನ್ನುವುದು. ಉತ್ತರ ಬಂದ 24 ಗಂಟೆಯವರೆಗೆ ಟೆಂಪ್ಲೇಟಿಲ್ಲದೆ ಮಾತಾಡಬಹುದು. ‘ಖಾರ ಜಾಸ್ತಿನಾ?’, ‘ಶುಕ್ರವಾರದೊಳಗೆ ಹುಬ್ಬಳ್ಳಿಗೆ ಬರತ್ತಾ?’ ಎಂಬ ಪ್ರಶ್ನೆಗಳಲ್ಲೇ ಆರ್ಡರ್ ಅಡಗಿರುತ್ತದೆ. ಉತ್ತರ ಕೊಡಲು ಅಂಗಡಿಯಲ್ಲಿ ಯಾರೂ ಇಲ್ಲದಿದ್ದರೆ ಈ ಲಾಭ ಇಲ್ಲ. ಇನ್ನೊಂದು ತೊಡಕು: ಒಬ್ಬ ವ್ಯಕ್ತಿಗೆ ಬರುವ ಮಾರ್ಕೆಟಿಂಗ್ ಮೆಸೇಜುಗಳಿಗೆ ಮೆಟಾ ಮಿತಿ ಹಾಕುತ್ತದೆ. ವರದಿಯಲ್ಲಿ `131049` ಎಂಬ ಎರರ್ ಕಂಡರೆ ತಪ್ಪು ನಿಮ್ಮ ನಂಬರಿನದ್ದಲ್ಲ, ಮೆಸೇಜ್ ತಲುಪಿಸದಿರಲು ಮೆಟಾ ತೀರ್ಮಾನಿಸಿದೆ ಎಂದರ್ಥ. ತಕ್ಷಣ ಮತ್ತೆ ಕಳುಹಿಸಿ ಪ್ರಯೋಜನವಿಲ್ಲ.

ಎಸ್ಸೆಮ್ಮೆಸ್ ಅಗ್ಗ, ಡೇಟಾ ಇಲ್ಲದ ಜಾಗದಲ್ಲೂ ತಲುಪುತ್ತದೆ. ಮಲೆನಾಡಿನ ಒಳಭಾಗದ ಗಿರಾಕಿಗಳಿರುವವರಿಗೆ ಇದು ಸಣ್ಣ ಮಾತಲ್ಲ. ಕಷ್ಟ ಇರುವುದು ತಯಾರಿಯಲ್ಲಿ. ಟ್ರಾಯ್ ನಿಯಮದಂತೆ ಅಂಗಡಿಯ ಹೆಸರು, ಕಳುಹಿಸಿದವರ ಗುರುತಾಗಿ ಕಾಣುವ ಹೆಡರ್, ಮೆಸೇಜಿನ ಒಕ್ಕಣೆ ಮೂರೂ ಟೆಲಿಕಾಂ ಕಂಪನಿಗಳ ಡಿಎಲ್‌ಟಿ ಎಂಬ ವ್ಯವಸ್ಥೆಯಲ್ಲಿ ನೋಂದಣಿಯಾಗಬೇಕು. ನೋಂದಾಯಿಸಿದ ಒಕ್ಕಣೆಗೂ ಕಳುಹಿಸಿದ್ದಕ್ಕೂ ಒಂದು ಅಲ್ಪವಿರಾಮ ವ್ಯತ್ಯಾಸವಾದರೂ ಮೆಸೇಜ್ ಬಿದ್ದುಹೋಗಬಹುದು. ಲಿಂಕನ್ನೂ ಮೊದಲೇ ನೋಂದಾಯಿಸಿರಬೇಕು. ಇನ್ನು ಕನ್ನಡದಲ್ಲಿ ಬರೆಯುವವರಿಗೆ ಒಂದು ಲೆಕ್ಕ: ಇಂಗ್ಲಿಷಿನ ಒಂದು ಎಸ್ಸೆಮ್ಮೆಸ್‌ಗೆ 160 ಅಕ್ಷರ, ಕನ್ನಡಕ್ಕೆ 70. ಅದರಲ್ಲೂ ಒತ್ತು, ಗುಣಿತ, ಹಲಂತಗಳನ್ನು ಬೇರೆ ಬೇರೆಯಾಗಿ ಎಣಿಸುತ್ತಾರೆ. ‘ಉಪ್ಪಿನಕಾಯಿ’ ನಮಗೆ ಐದು ಅಕ್ಷರ, ಎಸ್ಸೆಮ್ಮೆಸ್ ಲೆಕ್ಕದಲ್ಲಿ 10. ಎಪ್ಪತ್ತು ದಾಟಿದರೆ ಮೆಸೇಜ್ ತುಂಡಾಗಿ, ತುಂಡಿಗೆ 67ರಂತೆ ದರ ಬೀಳುತ್ತದೆ. ಮೂರು ತುಂಡಾದರೆ ಎಸ್ಸೆಮ್ಮೆಸ್ ಅಗ್ಗ ಎನ್ನುವ ಮಾತು ಉಳಿಯುವುದಿಲ್ಲ.

ಇಮೇಲ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ನಮ್ಮ ಗಿರಾಕಿಗಳಲ್ಲಿ ಅರೆಬರೆ ಇಮೇಲ್ ಕೊಡುವವರೇ ಹೆಚ್ಚು. ಬೆಂಗಳೂರು, ಹೊರರಾಜ್ಯದ ಗಿರಾಕಿಗಳಿಗೆ ಎರಡನೇ ದಿನದ ಮೆಸೇಜ್ ಆಗಿ ಇಟ್ಟುಕೊಳ್ಳಬಹುದು. ಎಷ್ಟು ಜನ ತೆರೆದರು ಎಂಬ ಅಂಕಿಯನ್ನು ನಂಬಬೇಡಿ. 2021ರಿಂದ ಆ್ಯಪಲ್ ಮೇಲ್‌ನಲ್ಲಿ ಖಾಸಗಿತನದ ವ್ಯವಸ್ಥೆ ಚಾಲೂ ಮಾಡಿಕೊಂಡವರ ಚಿತ್ರಗಳು ಅವರು ನೋಡದಿದ್ದರೂ ತೆರೆದುಕೊಳ್ಳುತ್ತವೆ, ಹಾಗಾಗಿ ಓದದ ಮೇಲ್ ಕೂಡ ಓದಿದಂತೆ ಕಾಣುತ್ತದೆ.

ಫೋನ್ ಕರೆಗೆ ಖರ್ಚಾಗುವುದು ಮನುಷ್ಯನ ಹೊತ್ತು. 300 ರೂಪಾಯಿಯ ಕಾರ್ಟಿಗೆ ಅದು ಕಟ್ಟುವುದಿಲ್ಲ. ಮದುವೆಗೋ ಗೃಹಪ್ರವೇಶಕ್ಕೋ ಐನೂರು ಹಾಳೆತಟ್ಟೆ ಹಾಕಿ ನಿಂತ ಕಾರ್ಟಿಗೆ ಕರೆಗಿಂತ ಒಳ್ಳೆಯ ರಿಮೈಂಡರ್ ಇಲ್ಲ. ಅಲ್ಲಿ ಪ್ರಶ್ನೆ ಬೆಲೆಯದ್ದಲ್ಲ, ‘ಆ ದಿನಕ್ಕೆ ಖಂಡಿತ ಬರುತ್ತದೆಯೇ’ ಎನ್ನುವುದು. ಕರೆ ಮಾಡಿದವರು ಸಿಕ್ಕ ಕಾರಣವನ್ನು ಎರಡು ಪದದಲ್ಲಿ ಹಾಳೆಯ ಪಕ್ಕದ ಕಾಲಂನಲ್ಲಿ ಬರೆಯಲಿ. ಅಂಥ ಇಪ್ಪತ್ತು ಸಾಲು ಯಾವ ಡ್ಯಾಶ್‌ಬೋರ್ಡಿಗಿಂತಲೂ ಹೆಚ್ಚು ಹೇಳುತ್ತದೆ.

ನಿಜವಾಗಿ ಬಂದವರೆಷ್ಟು ಎಂದು ತಿಳಿಯುವುದು

ದಾರಿ ಒಂದೇ: ಅರ್ಧ ಜನರಿಗೆ ಬೇಕೆಂದೇ ಮೆಸೇಜ್ ಕಳುಹಿಸಬೇಡಿ. ಯಾರಿಗೆ ಕಳುಹಿಸಬೇಕು ಎಂದು ನೀವು ಆರಿಸಬಾರದು, ಆರಿಸಿದರೆ ಕೊಳ್ಳುವ ಲಕ್ಷಣ ಇರುವವರನ್ನೇ ಆರಿಸುತ್ತೀರಿ. ಫೋನ್ ನಂಬರಿನ ಕೊನೆಯ ಅಂಕಿ ಸಮವಾದರೆ ಕಳುಹಿಸಿ, ಬೆಸವಾದರೆ ಬಿಡಿ. ಎ ಕಾಲಂನಲ್ಲಿ ನಂಬರ್ ಇದ್ದರೆ ಈ ಸೂತ್ರ ಸಾಕು:

```
=IF(MOD(VALUE(RIGHT(A2,1)),2)=0,"SEND","HOLD")
```

ಕಾರ್ಟ್ ನಂಬರಿನ ಮೇಲೆ ಭಾಗ ಮಾಡಬೇಡಿ. ಒಬ್ಬರೇ ಮೂರು ಕಾರ್ಟ್ ಮಾಡಿದರೆ ಎರಡೂ ಗುಂಪಿನಲ್ಲಿ ಸಿಗುತ್ತಾರೆ. ನಂಬರಿನ ಮುಂದಿನ 0, +91 ತೆಗೆದು ಕೊನೆಯ 10 ಅಂಕಿ ಮಾತ್ರ ಇಟ್ಟುಕೊಂಡು, ಆರ್ಡರ್ ಪಟ್ಟಿಯೊಡನೆ ಹೊಂದಿಸಿ. ಎರಡೂ ಗುಂಪಿಗೆ ಗಡಿಯಾರ ಒಂದೇ ಕ್ಷಣದಿಂದ ಓಡಬೇಕು, ಅಂದರೆ ಕಾರ್ಟ್ ನಿಂತು 15 ನಿಮಿಷ ಆದ ಕೂಡಲೇ. ಆ ಹೊತ್ತಿಗೆ ಆರ್ಡರ್ ಆಗಿದ್ದರೆ ಇಬ್ಬರನ್ನೂ ಬಿಡಿ, ಆಗದಿದ್ದರೆ ಇಬ್ಬರನ್ನೂ ಸೇರಿಸಿ, ಏಳು ದಿನ ನೋಡಿ. ಮೆಸೇಜ್ ತಲುಪದವರನ್ನು, ಆ 131049 ಎರರ್ ಬಂದವರನ್ನು ‘ಕಳುಹಿಸಿದ’ ಗುಂಪಿನಿಂದ ತೆಗೆಯಬಾರದು. ತೆಗೆದರೆ ಚುರುಕಾದ ಗಿರಾಕಿಗಳಷ್ಟೇ ಉಳಿದು ಫಲ ಉಬ್ಬಿ ಕಾಣುತ್ತದೆ.

ಮಲೆನಾಡಿನ ಅಂಗಡಿಗಳಲ್ಲಿ ಇದರ ಜೊತೆಗೆ ಇನ್ನೊಂದು ಸೋರಿಕೆ ಉಂಟು. ವೆಬ್‌ಸೈಟಿನಲ್ಲಿ ನಿಂತ ಗಿರಾಕಿ ಅಂಗಡಿಗೇ ಫೋನ್ ಮಾಡಿ, ವಾಟ್ಸಾಪ್‌ನಲ್ಲಿ ವಿಳಾಸ ಕಳುಹಿಸಿ, ಹಣ ನೇರವಾಗಿ ಹಾಕಿಬಿಡುತ್ತಾರೆ. ಆ ಆರ್ಡರನ್ನು ಸೈಟಿನಲ್ಲಿ ಕೈಯಾರೆ ದಾಖಲಿಸದಿದ್ದರೆ ಲೆಕ್ಕ ಎರಡು ಕಡೆಯೂ ತಪ್ಪುತ್ತದೆ.

ಈಗ ನಮ್ಮ ಸಾಗರದ ಅಂಗಡಿಗೆ ಬರೋಣ. ಪಾವತಿಯಲ್ಲಿ ನಿಂತವರು ತಿಂಗಳಿಗೆ 70, ಮೂರು ತಿಂಗಳಿಗೆ 210. ಎರಡು ಗುಂಪಿಗೆ 105ರಂತೆ ಬಿದ್ದರು ಎನ್ನಿ. ಮೆಸೇಜ್ ಹೋಗದ ಗುಂಪಿನಲ್ಲಿ 42 ಜನ ತಾವಾಗಿಯೇ ಬಂದು ಆರ್ಡರ್ ಮಾಡಿದರು. ಮೆಸೇಜ್ ಹೋದ ಗುಂಪಿನಲ್ಲಿ 61. ರಿಮೈಂಡರ್ ಸೇವೆಯ ಬಿಲ್ಲಿನಲ್ಲಿ ‘61 ವಾಪಸ್’ ಎಂದಿರುತ್ತದೆ. ಮೆಸೇಜ್ ನಿಜವಾಗಿ ತಂದದ್ದು 19. ಆದರೂ 105 ಮೆಸೇಜಿಗೆ 19 ಹೆಚ್ಚುವರಿ ಆರ್ಡರ್ ಎಂದರೆ ಬಿಡಬಾರದ ಲಾಭ. 40 ಶೇಕಡದಿಂದ 58ಕ್ಕೆ ಏರಿದ್ದು ಬರಿಯ ಅದೃಷ್ಟ ಎನ್ನಲಾಗದಷ್ಟು ದೊಡ್ಡದು.

ಚಾರ್ಜ್ ನೋಡಿ ನಿಂತವರು ಮೂರು ತಿಂಗಳಿಗೆ 240. ಇವರನ್ನು ಮೂರು ಪಾಲು ಮಾಡಿ, ಪಾಲಿಗೆ 80. ಮೊದಲ ಪಾಲಿಗೆ ಏನೂ ಇಲ್ಲ, ಎರಡನೆಯದಕ್ಕೆ ಬರಿಯ ಮೆಸೇಜ್, ಮೂರನೆಯದಕ್ಕೆ 10 ಶೇಕಡ ರಿಯಾಯಿತಿಯ ಮೆಸೇಜ್. ಆರ್ಡರ್ ಬಂದದ್ದು ಕ್ರಮವಾಗಿ 10, 13, 18 ಎನ್ನಿ. ಇಷ್ಟೇ ನೋಡಿದರೆ ರಿಯಾಯಿತಿ ಗೆದ್ದಿತು. ಆರ್ಡರಿಗೆ 230 ರೂಪಾಯಿ ಲಾಭ, ರಿಯಾಯಿತಿ ಕೊಟ್ಟರೆ 65 ಕಳೆದು 165. ಇದರ ಮೇಲೆ ಕ್ಯಾಶ್ ಆನ್ ಡೆಲಿವರಿಯ ರಿಟರ್ನ್ ಕಳೆಯಬೇಕು. ಹೋಗಿ ಬರುವ ಕೊರಿಯರ್ ಖರ್ಚು ಒಂದಕ್ಕೆ 140 ಎಂದಿಟ್ಟುಕೊಳ್ಳಿ. ಮೊದಲೆರಡು ಪಾಲಿನಲ್ಲಿ ಒಂದೊಂದು ರಿಟರ್ನ್ ಬಂತು, ರಿಯಾಯಿತಿಗೆ ಆಸೆಪಟ್ಟು ಬಂದವರಲ್ಲಿ ನಾಲ್ಕು.

ಏನೂ ಕಳುಹಿಸದ ಪಾಲಿನಲ್ಲಿ ಕೈಗೆ ಉಳಿದದ್ದು 9 × 230 − 140, ಅಂದರೆ 1930. ಬರಿಯ ಮೆಸೇಜಿನ ಪಾಲಿನಲ್ಲಿ 12 × 230 − 140 = 2620, ಮೆಸೇಜಿಗೆ ಒಂದೊಂದು ರೂಪಾಯಿಯಂತೆ 80 ಕಳೆದರೆ 2540. ರಿಯಾಯಿತಿಯ ಪಾಲಿನಲ್ಲಿ 14 × 165 − 560 = 1750, ಮೆಸೇಜ್ ಖರ್ಚು ಕಳೆದು 1670. ಹೆಚ್ಚು ಆರ್ಡರ್ ತಂದದ್ದೇ ಏನೂ ಮಾಡದಿದ್ದಕ್ಕಿಂತ ಕಡಿಮೆ ಉಳಿಸಿತು. ರಿಯಾಯಿತಿಯ 65 ರೂಪಾಯಿ ಸಿಕ್ಕಿದ್ದು ಹೊಸದಾಗಿ ಬಂದವರಿಗೆ ಮಾತ್ರವಲ್ಲ, ಹೇಗೂ ಬರುತ್ತಿದ್ದವರಿಗೂ. ಹಾಗಾಗಿ ಎಣಿಸಬೇಕಾದ್ದು ಆರ್ಡರ್ ಆದದ್ದನ್ನಲ್ಲ, ತಲುಪಿ ಹಣ ಕೈಸೇರಿದ್ದನ್ನು. ರಿಯಾಯಿತಿ ಕೊಡಲೇಬೇಕೆಂದರೆ ಮುಂಗಡ ಯುಪಿಐ ಕಟ್ಟಿದವರಿಗಷ್ಟೇ ಎಂದು ಷರತ್ತು ಹಾಕಿ.

ಆದರೆ 10ಕ್ಕೂ 13ಕ್ಕೂ ಇರುವ ಅಂತರವನ್ನು ಹೆಚ್ಚು ನಂಬಬಾರದು. 80 ಜನರಲ್ಲಿ ಮೂರು ಆರ್ಡರ್ ಆಚೀಚೆ ಆಗುವುದು ಸಹಜ. ಒಂದು ಗುಂಪಿಗೆ ಎಷ್ಟು ಜನ ಬೇಕೆಂಬುದಕ್ಕೆ ಒಂದು ಅಂದಾಜು ಸೂತ್ರ ಬಳಕೆಯಲ್ಲಿದೆ: 16ನ್ನು ಸರಾಸರಿ ದರ ಮತ್ತು ಅದನ್ನು ಒಂದರಿಂದ ಕಳೆದದ್ದರಿಂದ ಗುಣಿಸಿ, ಅಂತರದ ವರ್ಗದಿಂದ ಭಾಗಿಸಿ.

```
n = 16 * p * (1 - p) / d^2
```

10 ಶೇಕಡಕ್ಕೂ 14 ಶೇಕಡಕ್ಕೂ ಇರುವ ವ್ಯತ್ಯಾಸ ಹಿಡಿಯಲು p 0.12, d 0.04 ಹಾಕಿದರೆ ಗುಂಪಿಗೆ 1056 ಜನ ಬೇಕು. ತಿಂಗಳಿಗೆ 80 ಜನ ನಿಲ್ಲುವ ಅಂಗಡಿಗೆ ಎರಡು ಗುಂಪು ತುಂಬಲು ಎರಡು ವರ್ಷ ಮೀರುತ್ತದೆ. ಪಾವತಿಯಲ್ಲಿ ನಿಂತವರಲ್ಲಾದರೋ 40ರಿಂದ 60ಕ್ಕೆ ಏರುವಂಥ ದೊಡ್ಡ ಅಂತರ ಹಿಡಿಯಲು ಗುಂಪಿಗೆ 100 ಜನ ಸಾಕು. ಸಣ್ಣ ಅಂಗಡಿ ಪರೀಕ್ಷೆ ಮಾಡುವುದಾದರೆ ಅಲ್ಲೇ ಮಾಡಬೇಕು. ಬಟನ್ನಿನ ಬಣ್ಣ, ಎಮೋಜಿ ಇದೆಯೋ ಇಲ್ಲವೋ ಎಂಬ ಪರೀಕ್ಷೆಗಳನ್ನು ದೊಡ್ಡ ಕಂಪನಿಗಳಿಗೆ ಬಿಡಿ.

ದೀಪಾವಳಿ ವಾರವನ್ನೂ ಅಪ್ಪೆಮಿಡಿಯ ಹೊಸ ಉಪ್ಪಿನಕಾಯಿ ಬರುವ ವಾರಗಳನ್ನೂ ಬೇರೆಯಾಗಿ ಇಡಿ. ಆಗ ಮೆಸೇಜಿಲ್ಲದ ಗುಂಪೂ ಜೋರಾಗಿ ಕೊಳ್ಳುತ್ತದೆ. ಎರಡೂ ಗುಂಪು ಏಕಕಾಲಕ್ಕೆ ನಡೆದಿದ್ದರೆ ಹೋಲಿಕೆ ಕೆಡುವುದಿಲ್ಲ, ಆದರೆ ‘ಹೋದ ತಿಂಗಳು ಮೆಸೇಜ್ ಇರಲಿಲ್ಲ, ಈ ತಿಂಗಳು ಇದೆ’ ಎಂದು ಹಿಂದುಮುಂದು ಹೋಲಿಸುವವರು ಹಬ್ಬದ ಮಾರಾಟವನ್ನು ರಿಮೈಂಡರಿನ ಖಾತೆಗೆ ಬರೆಯುತ್ತಾರೆ.

ಎರಡನೇ ಮೆಸೇಜ್ ಬೇಕೇ

ಪಾವತಿಯಲ್ಲಿ ನಿಂತವರಿಗೆ ಮೊದಲನೆಯದಕ್ಕೆ ಉತ್ತರ ಬರದಿದ್ದರೆ ಮರುದಿನ ಬೆಳಿಗ್ಗೆ ಇನ್ನೊಂದು ಕಳುಹಿಸಬಹುದು, ಆಗ ಮಾಧ್ಯಮ ಬದಲಿಸಿ. ವಾಟ್ಸಾಪ್ ಹೋಗಿದ್ದರೆ ಎಸ್ಸೆಮ್ಮೆಸ್. ಮೂರನೆಯದು ಬೇಡ. ಮೂರನೆಯದರಿಂದ ಬ್ಲಾಕ್ ಮಾಡುವವರು ಹೆಚ್ಚುತ್ತಾರೆ. ಬ್ಲಾಕ್ ಹೆಚ್ಚಿದಂತೆ ವಾಟ್ಸಾಪ್‌ನಲ್ಲಿ ನಿಮ್ಮ ನಂಬರಿನ ಗುಣಮಟ್ಟದ ಗುರುತು ಹಸಿರಿನಿಂದ ಹಳದಿಗೆ, ಕೆಂಪಿಗೆ ಇಳಿಯುತ್ತದೆ. ಟೆಂಪ್ಲೇಟಿಗೂ ಇಂಥದೇ ಗುರುತಿದೆ. ಅದು ತೀರಾ ಇಳಿದರೆ ಮೆಟಾ ಆ ಟೆಂಪ್ಲೇಟನ್ನೇ ಸ್ವಲ್ಪ ಕಾಲ ನಿಲ್ಲಿಸುತ್ತದೆ, ‘ಹಣ ಬಂದಿಲ್ಲ’ ಎಂಬ ಉಪಯೋಗದ ಮೆಸೇಜೂ ಆಗ ಹೋಗುವುದಿಲ್ಲ. ವಾರಕ್ಕೊಮ್ಮೆ ಆ ಗುರುತನ್ನು ನೋಡಿ. ಹಳದಿಗೆ ತಿರುಗಿದ್ದರೆ ಮೊದಲು ನಿಲ್ಲಿಸಬೇಕಾದ್ದು ಚಾರ್ಜ್ ನೋಡಿ ನಿಂತವರಿಗೆ ಹೋಗುವ ಮೆಸೇಜನ್ನು, ಪಾವತಿಯದ್ದನ್ನಲ್ಲ.